ಉಬ್ಬಿದ ವಾರ್ಡ್‌ರೋಬ್, ಎರಡು ಪತ್ರ, ಆರು ಕಾಲು

ಮೊದಲು ಗೊತ್ತಾಗಿದ್ದು ಸದ್ದಿನಿಂದ. ವಾರ್ಡ್‌ರೋಬ್ ಬಂದು ಐದನೇ ತಿಂಗಳು. ಎಡಗಡೆ ಬಾಗಿಲು ಮುಚ್ಚುವಾಗ ಕೆಳಗೆ ಕಿರ್ ಅಂತ ಉಜ್ಜುತ್ತಿತ್ತು. ಹಿಂಜ್ ಸಡಿಲ ಆಗಿರಬೇಕು ಅಂದುಕೊಂಡು ಸ್ಕ್ರೂ ಬಿಗಿ ಮಾಡಿದೆ. ಒಂದು ವಾರ ಸುಮ್ಮನಿತ್ತು, ಮತ್ತೆ ಶುರು. ಆಮೇಲೆ ಒಂದು ದಿನ ಕಸ ಗುಡಿಸುವಾಗ ಪೊರಕೆಗೆ ಏನೋ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ಅಂಚಿಗೆ ಅಂಟಿಸಿದ್ದ ಪಟ್ಟಿ ಎದ್ದು ಬಂದಿದೆ. ನೆಲದ ಮೇಲೆ ಕೂತು ಟಾರ್ಚ್ ಬಿಟ್ಟೆ. ಪಕ್ಕದ ಹಲಗೆಯ ಕೆಳತುದಿ ಮಳೆಯಲ್ಲಿ ನೆಂದ ಪುಸ್ತಕದ ಹಾಗೆ ಆಗಿತ್ತು. ಪುಟ ಪುಟ ಬಿಡಿಸಿಕೊಂಡು, ಉಬ್ಬಿ, ಅಲ್ಲಲ್ಲಿ ಕಪ್ಪಗೆ.

ಬಿಲ್ ತೆಗೆದು ನೋಡಿದೆ. 'ಎಲ್ಲ ಭಾಗ 18 ಎಂಎಂ ಬಿಡಬ್ಲ್ಯೂಪಿ ಪ್ಲೈವುಡ್' ಅಂತ ಸ್ಪಷ್ಟವಾಗಿ ಬರೆದಿದ್ದರು. ಬಿಡಬ್ಲ್ಯೂಪಿ ಅಂದರೆ ಕುದಿಯುವ ನೀರನ್ನೂ ತಡೆದುಕೊಳ್ಳುವ ಗ್ರೇಡ್. ಕೊಳ್ಳುವಾಗ ಅಂಗಡಿಯವರು ಅದನ್ನೇ ನಾಲ್ಕು ಸಲ ಹೇಳಿದ್ದರು. ಮಾಮೂಲಿ ಎಂಆರ್ ಗ್ರೇಡ್‌ಗಿಂತ ದುಡ್ಡು ಜಾಸ್ತಿ ತೆಗೆದುಕೊಂಡಿದ್ದೂ ಅದಕ್ಕೇ.

ಫೋನ್ ಮಾಡಿದೆ. "ಹುಡುಗನ್ನ ಕಳಿಸ್ತೀವಿ ಮೇಡಂ" ಅಂದರು. ಹುಡುಗ ಬಂದ, ನೋಡಿದ, ಬಾಗಿಲಿನ ಕೆಳಗಂಚನ್ನು ಒಂದಿಷ್ಟು ಕೀಸಿದ, "ಈಗ ಸರಿಯಾಗಿದೆ ನೋಡಿ" ಅಂತ ಹೋದ. ಸದ್ದು ನಿಂತಿದ್ದೇನೋ ನಿಜ. ಆದರೆ ಕೀಸಿದ ಜಾಗದಲ್ಲಿ ಪಟ್ಟಿಯೂ ಇಲ್ಲ, ಬಣ್ಣವೂ ಇಲ್ಲ, ಹಸಿ ಮರ ಬಾಯಿ ತೆರೆದುಕೊಂಡು ಕೂತಿತ್ತು. ಮೂರು ವಾರಕ್ಕೆ ಬಾಗಿಲೂ ಉಬ್ಬಲು ಶುರುವಾಯಿತು.

ಆಗ ಬರೆದೆ ಮೊದಲ ಪತ್ರ. ಎರಡೂವರೆ ಪುಟ. ಈಗ ಓದಿದರೆ ನನಗೇ ನಗು ಬರುತ್ತದೆ. 'ನಿಮ್ಮನ್ನು ನಂಬಿ ಮೋಸ ಹೋದೆವು', 'ಇಂಥ ಕಳಪೆ ಮಾಲನ್ನು ಮಾರಲು ನಿಮಗೆ ಮನಸ್ಸಾದರೂ ಹೇಗೆ ಬಂತು', 'ಎಲ್ಲರಿಗೂ ಹೇಳುತ್ತೇವೆ' ಅಂತೆಲ್ಲ. ಹಲಗೆ ಎಷ್ಟು ಉಬ್ಬಿದೆ, ಎಲ್ಲಿ ಉಬ್ಬಿದೆ, ನನಗೆ ಏನು ಬೇಕು, ಇವು ಮೂರು ಬಿಟ್ಟು ಉಳಿದಿದ್ದೆಲ್ಲ ಅದರಲ್ಲಿತ್ತು. ಉತ್ತರ ಎರಡೇ ಸಾಲು: 'ನಿಮ್ಮ ಗೋಡೆಯಲ್ಲಿ ತೇವ ಇರುವುದರಿಂದ ಹೀಗಾಗಿದೆ. ನೀರಿನಿಂದ ಆದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ.'

ಗೋಡೆ ನೋಡಿದವರು ಯಾರು? ಆ ಹುಡುಗ ಗೋಡೆಯ ಕಡೆ ತಿರುಗಿಯೂ ಇರಲಿಲ್ಲ. ಆದರೆ ವಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ನೀರಿನ ವಿಷಯ ಇದ್ದಿದ್ದು ನಿಜ. ಅಂದರೆ ನಾನು ಎಷ್ಟೇ ಕೂಗಾಡಿದರೂ ಅವರ ಹತ್ತಿರ ಒಂದು ಸಾಲು ರೆಡಿ ಇದೆ. ಆ ಸಾಲನ್ನು ಮುರಿಯಬೇಕಾದರೆ ನೀರು ಎಲ್ಲಿಂದ ಬಂತು, ಹಲಗೆ ಯಾಕೆ ಕುಡಿಯಿತು ಅಂತ ಮೊದಲು ನನಗೆ ಗೊತ್ತಿರಬೇಕಲ್ವಾ?

ನಮ್ಮ ಪರಿಚಯದ ಒಬ್ಬ ಹಿರಿಯ ಬಡಗಿ ಇದ್ದಾರೆ. ಈಗ ಕೆಲಸ ಕಡಿಮೆ ಮಾಡಿದ್ದಾರೆ. ಅವರನ್ನು ಕರೆದೆ. ಬಂದವರು ಏನನ್ನೂ ಬಿಚ್ಚಲಿಲ್ಲ, ಸುಮ್ನೆ ಸುತ್ತ ಓಡಾಡಿ, ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬಂದರು. ಮೇಲೆ ಗಟ್ಟಿ ಸದ್ದು. ನೆಲದಿಂದ ಒಂದು ಗೇಣು ಇರುವಾಗ ಸದ್ದು ಬದಲಾಯಿತು. ಟೊಳ್ಳು. "ಇದು ಬರೀ ತೇವ ಅಲ್ಲಮ್ಮ, ಅಂಟು ಬಿಟ್ಟಿದೆ" ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಪ್ಲೈವುಡ್ ಅಂದರೆ ತೆಳ್ಳನೆ ಮರದ ಹಾಳೆಗಳನ್ನು ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇಟ್ಟು ಅಂಟು ಹಾಕಿ ಒತ್ತಿದ್ದು. ಮರ ತೇವ ಕುಡಿದಾಗ ನಾರಿನ ಉದ್ದಕ್ಕೆ ಬೆಳೆಯುವುದು ಬಹಳ ಕಡಿಮೆ, ಅಡ್ಡಕ್ಕೆ ಬೆಳೆಯುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಹಾಳೆಯನ್ನು ಪಕ್ಕದ ಹಾಳೆ ಹಿಡಿದುಕೊಳ್ಳುವುದರಿಂದ ಅಗಲ, ಉದ್ದ ಹೆಚ್ಚು ಕಡಿಮೆ ಹಾಗೇ ಇರುತ್ತವೆ. ದಪ್ಪಕ್ಕೆ ಮಾತ್ರ ತಡೆಯುವವರಿಲ್ಲ. ಹಾಗಾಗಿ ಮಳೆಗಾಲದಲ್ಲಿ ಎಂಥ ಒಳ್ಳೆಯ ಹಲಗೆಯೂ ಕೂದಲೆಳೆಯಷ್ಟು ದಪ್ಪ ಆಗಬಹುದು, ಒಣಗಿದ ಮೇಲೆ ಇಳಿಯುತ್ತದೆ. ಅದು ದೂರು ಕೊಡುವ ವಿಷಯ ಅಲ್ಲ. ಅಂಟೇ ಬಿಟ್ಟು ಹಾಳೆಗಳು ಬೇರೆ ಬೇರೆ ಆದರೆ ಅದು ಒಣಗಿದರೂ ಕೂಡುವುದಿಲ್ಲ. ಅದು ದೂರು.

ಇವೆರಡರಲ್ಲಿ ನಮ್ಮದು ಯಾವುದು ಅಂತ ಹೇಳಬೇಕಾದರೆ ಅಳೆಯಬೇಕು. ಅವರೇ ತಮ್ಮ ವರ್ನಿಯರ್ ಕ್ಯಾಲಿಪರ್ ಕೊಟ್ಟರು. ವಾರ್ಡ್‌ರೋಬಿನಲ್ಲಿ ಮೂರು ನಿಂತ ಹಲಗೆ ಇವೆ, ಎಡ, ನಡು, ಬಲ. ಒಂದೊಂದರ ಮುಂದಿನ ಅಂಚಿನಲ್ಲಿ ಮೂರು ಕಡೆ ಗುರುತು ಹಾಕಿದೆ: ನೆಲದ ಹತ್ತಿರ, ಒಂದು ಗೇಣು ಮೇಲೆ, ಎದೆಯ ಮಟ್ಟದಲ್ಲಿ. ಎಡ ಹಲಗೆ ಎದೆಯ ಮಟ್ಟದಲ್ಲಿ ಎರಡೂ ಬದಿಯ ಲ್ಯಾಮಿನೇಟ್ ಸೇರಿ 19.4 ಎಂಎಂ. ಗೇಣಿನ ಹತ್ತಿರ 20.2. ನೆಲದ ಹತ್ತಿರ 23.1. ಉಳಿದೆರಡೂ ಹೆಚ್ಚು ಕಡಿಮೆ ಇದೇ ಲೆಕ್ಕ. ಆಮೇಲೆ ಹತ್ತು ದಿನ ವಾರ್ಡ್‌ರೋಬಿನ ಕೆಳಭಾಗಕ್ಕೆ ಟೇಬಲ್ ಫ್ಯಾನ್ ಇಟ್ಟೆವು. ಆ ಕೋಣೆಯ ನೆಲ ಒರೆಸುವುದನ್ನೂ ನಿಲ್ಲಿಸಿದೆವು. ಮತ್ತೆ ಅಳೆದರೆ 22.8. ಹತ್ತು ದಿನದ ಗಾಳಿಗೆ ಇಳಿದಿದ್ದು ಬರೀ 0.3 ಎಂಎಂ. ಅಂದರೆ ಉಬ್ಬಿದ್ದರಲ್ಲಿ ಬಹುಪಾಲು ನೀರು ಅಲ್ಲ, ಹಾಳೆಗಳ ನಡುವೆ ಬಿದ್ದ ಸಂದು.

ಈಗ ಗೋಡೆಯ ಮಾತು. ವಾರ್ಡ್‌ರೋಬಿನ ಹಿಂದೆ ಕೈ ಹೋಗುವುದಿಲ್ಲ. ಎಡಕ್ಕೂ ಬಲಕ್ಕೂ ಗೋಡೆ ಕಾಣುತ್ತದೆ. ಎರಡೂ ಕಡೆ ನೆಲದ ಹತ್ತಿರ ಒಂದು ಮೊಳ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಕಡೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ ಎರಡು ದಿನ ಬಿಟ್ಟೆ. ಗೋಡೆಯೊಳಗೆ ತೇವ ಇದ್ದರೆ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಮಂಜು ಕೂರುತ್ತದೆ ಅಥವಾ ಹನಿ ಕಾಣುತ್ತದೆ. ಎರಡೂ ಕಡೆ ಒಣಗಿಯೇ ಇತ್ತು. ಅಷ್ಟೇ ಸಾಲದು, ಸರಿಯಾಗಿ ವಾರ್ಡ್‌ರೋಬಿನ ಹಿಂದೆಯೇ ಪರೀಕ್ಷೆ ಮಾಡಿಲ್ಲವಲ್ಲ ಅಂತ ಅವರು ಕೇಳಬಹುದು. ಅದಕ್ಕೆ ಉತ್ತರ ವಾರ್ಡ್‌ರೋಬೇ ಕೊಟ್ಟಿತು. ಬಟ್ಟೆ ಎಲ್ಲ ತೆಗೆದು ಒಳಗೆ ತಲೆ ಹಾಕಿ ನೋಡಿದೆ. ಗೋಡೆಗೆ ಅತಿ ಹತ್ತಿರ ಇರುವುದು ಹಿಂದಿನ ಹಲಗೆ. ಗೋಡೆ ತೇವ ಬಿಟ್ಟಿದ್ದರೆ ಮೊದಲು ಹಾಳಾಗಬೇಕಾದ್ದು ಅದು. ಅದು ಚಪ್ಪಟೆಯಾಗಿ, ಬೆಳ್ಳಗೆ, ಹೊಸದರ ಹಾಗಿತ್ತು. ಪಕ್ಕದ ಹಲಗೆಗಳಲ್ಲೂ ಉಬ್ಬು ಮುಂದೆ ಜಾಸ್ತಿ, ಗೋಡೆಯ ಕಡೆ ಕಡಿಮೆ. ನೀರು ಬಂದಿದ್ದು ಗೋಡೆಯಿಂದ ಅಲ್ಲ, ಕೋಣೆಯ ಕಡೆಯಿಂದ, ಕೆಳಗಿನಿಂದ.

ಅಂದರೆ ನೆಲ ಒರೆಸುವ ನೀರು. ಇದು ಗೊತ್ತಾದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ತಪ್ಪು ನಮ್ಮದೇ ಅಂತ ಆಯ್ತಲ್ಲ! ಬಡಗಿ ನಕ್ಕರು. "ನೆಲ ಒರೆಸದ ಮನೆ ಯಾವುದಮ್ಮ? ಇದು ನೆಲಕ್ಕೆ ಯಾಕೆ ಕೂತಿದೆ, ಅದನ್ನ ಕೇಳು."

ಅವರು ಮತ್ತು ನಮ್ಮ ಯಜಮಾನರು ಖಾಲಿ ವಾರ್ಡ್‌ರೋಬಿನ ಮುಂಭಾಗವನ್ನು ಎರಡು ಬೆರಳಷ್ಟು ಎತ್ತಿ ಕೆಳಗೆ ಮರದ ತುಂಡು ಕೊಟ್ಟರು. ಎತ್ತುವ ಮೊದಲಿಂದಲೇ ನಾನು ವಿಡಿಯೋ ಆನ್ ಮಾಡಿದ್ದೆ, ನಾಳೆ ನೀವೇ ಏನೋ ಮಾಡಿದಿರಿ ಅನ್ನಬಾರದು ಅಂತ. ಫೋನನ್ನು ಲೈಟ್ ಹಾಕಿ ಕೆಳಗೆ ತೂರಿಸಿದೆ. ಆಮೇಲೆ ಆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಎರಡು ವಿಷಯ ಕಂಡವು. ಒಂದು, ನಿಂತ ಹಲಗೆಗಳ ಕೆಳಗಂಚು ಪೂರ್ತಿ ಬೋಳು. ಕಣ್ಣಿಗೆ ಕಾಣುವ ಮುಂದಿನ ಅಂಚಿಗೆ ಮಾತ್ರ ಪಟ್ಟಿ ಅಂಟಿಸಿ, ನೆಲಕ್ಕೆ ಕೂರುವ ಅಂಚಿಗೆ ಪಟ್ಟಿ ಇಲ್ಲ, ಪ್ರೈಮರ್ ಇಲ್ಲ, ಏನೂ ಇಲ್ಲ. ಪ್ಲೈವುಡ್ ನೀರು ಕುಡಿಯುವುದೇ ಅಂಚಿನಿಂದ. ಅಲ್ಲಿ ಮರದ ನಾರು ಕತ್ತರಿಸಿ ಬಾಯಿ ತೆರೆದಿರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತದೆ. ಮೈಮೇಲೆ ಲ್ಯಾಮಿನೇಟ್ ಎಷ್ಟೇ ಚೆನ್ನಾಗಿದ್ದರೂ ಅಂಚು ಬೋಳಾಗಿದ್ದರೆ ಉಪಯೋಗ ಇಲ್ಲ.

ಎರಡನೆಯದು ನೋಡಿ ನಾನು ಬಿಲ್ ತರಲು ಎದ್ದು ಓಡಿದೆ. ತಳದ ಹಲಗೆಯಲ್ಲಿ ಆರು ಕಡೆ ನಾಲ್ಕು ನಾಲ್ಕು ಸಣ್ಣ ತೂತು. ಸ್ಕ್ರೂ ಹಾಕಲು ಮೊದಲೇ ಕೊರೆದಿಟ್ಟ ತೂತುಗಳು, ಎಲ್ಲ ಖಾಲಿ. ಬಿಲ್ಲಿನ ಎರಡನೇ ಪುಟದಲ್ಲಿ, ಹಿಡಿಕೆ, ಹಿಂಜ್, ಡ್ರಾಯರ್ ಚಾನೆಲ್ ಎಲ್ಲ ಆದ ಮೇಲೆ ಒಂದು ಸಾಲು: 'ಪ್ಲಾಸ್ಟಿಕ್ ಕಾಲು – 6'. ಆ ಕಾಲುಗಳಿಗೂ ದುಡ್ಡು ಹಾಕಿದ್ದಾರೆ. ವಾರ್ಡ್‌ರೋಬ್ ನೆಲ ಮುಟ್ಟದ ಹಾಗೆ ನಿಲ್ಲಿಸುವುದಕ್ಕೇ ಇರುವ ಕಾಲು. ಕೂರಿಸುವ ದಿನ ಆ ಹುಡುಗರು "ಕಾಲು ಹಾಕಿದ್ರೆ ಮೇಲೆ ಲಾಫ್ಟ್‌ಗೆ ತಾಗತ್ತೆ ಮೇಡಂ, ಹೀಗೇ ಚೆನ್ನಾಗಿ ಕೂತಿದೆ" ಅಂದಿದ್ದು ಆಗ ನೆನಪಾಯಿತು. ನಾನು ಹೂಂ ಅಂದಿದ್ದೂ ನೆನಪಾಯಿತು.

ಇನ್ನು ಉಳಿದಿದ್ದು ಗ್ರೇಡಿನ ಅನುಮಾನ. ಅಂಚು ಬೋಳಾಗಿದ್ದರೂ, ಕಾಲು ಇಲ್ಲದಿದ್ದರೂ, ನಿಜವಾದ ಬಿಡಬ್ಲ್ಯೂಪಿ ಹಲಗೆ ಬಣ್ಣಗೆಡಬಹುದು, ಸ್ವಲ್ಪ ಉಬ್ಬಬಹುದು, ಐದು ತಿಂಗಳಲ್ಲಿ ಹಾಳೆ ಹಾಳೆ ಆಗಬಾರದು ಅನ್ನುವುದು ಬಡಗಿಯ ಮಾತು. ಅದರಲ್ಲಿ ಹಾಕುವ ಫಿನಾಲ್ ಅಂಟು ನೀರಿಗೆ ಕರಗುವುದಿಲ್ಲ. ಎಂಆರ್ ಗ್ರೇಡಿಗೆ ಸಾಮಾನ್ಯವಾಗಿ ಯೂರಿಯಾ ಅಂಟು ಹಾಕುತ್ತಾರೆ, ಅದು ಗಾಳಿಯ ತೇವವನ್ನು ತಡೆಯುತ್ತದೆ, ನಿಂತ ನೀರನ್ನಲ್ಲ. ಅಂಚಿನಲ್ಲಿ ಫಿನಾಲ್ ಅಂಟಿನ ಗೆರೆ ಕಡುಗಂದು ಕಾಣುತ್ತದೆ, ಯೂರಿಯಾದ್ದು ಮಂಕು. ನಮ್ಮದು ಮಂಕಾಗಿತ್ತು. ಆದರೆ ಬಣ್ಣವನ್ನು ನಂಬಿ ಪತ್ರ ಬರೆಯಬೇಡ, ಬಣ್ಣ ಬೆರೆಸುವವರೂ ಇದ್ದಾರೆ ಅಂದರು.

ವಾರ್ಡ್‌ರೋಬನ್ನೇ ಕತ್ತರಿಸಿ ಪರೀಕ್ಷೆ ಮಾಡಿದರೆ ವಾರಂಟಿ ಅಲ್ಲಿಗೇ ಮುಗಿಯುತ್ತಿತ್ತು. ಅದೃಷ್ಟಕ್ಕೆ ಕೂರಿಸುವ ದಿನ ಒಂದು ಶೆಲ್ಫ್ ಅಗಲ ಜಾಸ್ತಿ ಆಗಿ ಅಲ್ಲೇ ಕತ್ತರಿಸಿದ್ದರು. ಆ ತುಂಡು, ಒಂದು ಗೇಣು ಉದ್ದದ್ದು, ಬಾಲ್ಕನಿ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುತ್ತಿದ್ದೆ. ಅದನ್ನು ಎರಡು ಮಾಡಿಸಿದೆ. ಒಂದನ್ನು ಮುಟ್ಟದೆ ತೆಗೆದಿಟ್ಟೆ. ಇನ್ನೊಂದನ್ನು ಹಳೆಯ ಪಾತ್ರೆಯಲ್ಲಿ ಹಾಕಿ, ತೇಲದ ಹಾಗೆ ಮೇಲೆ ಕಲ್ಲು ಇಟ್ಟು, ಕುದಿಸಿದೆ. ಲ್ಯಾಬಿನಲ್ಲಿ ಬಿಡಬ್ಲ್ಯೂಪಿ ಹಲಗೆಯನ್ನು 72 ಗಂಟೆ ಕುದಿಸಿ ನೋಡುತ್ತಾರೆ. ಮನೆಯ ಒಲೆಯಲ್ಲಿ ಅದು ಆಗದ ಮಾತು. ನಾಲ್ಕು ಗಂಟೆ ತಡೆದುಕೊಂಡಿದ್ದರೆ ಅದರಿಂದ ಏನೂ ಸಾಬೀತಾಗುತ್ತಿರಲಿಲ್ಲ, ನಾನು ಸುಮ್ಮನಾಗಬೇಕಿತ್ತು. ಆದರೆ ಒಂದು ಗಂಟೆ ತುಂಬುವ ಮೊದಲೇ ಒಂದು ಮೂಲೆ ಬಿಚ್ಚಿಕೊಂಡಿತು. ಎರಡನೇ ಗಂಟೆಗೆ ಸಂದಿಯಲ್ಲಿ ಮೊಳೆ ತೂರಿಸಿದರೆ ಸಲೀಸಾಗಿ ಹೋಯಿತು. ಮೊಳೆಯಿಂದ ಮೀಟಿದರೆ ಹಾಳೆ ಚರ್ರ್ ಅಂತ ಕಿತ್ತು ಬಂತು, ಅದರ ಮೈಮೇಲೆ ಮರದ ನಾರು ಒಂದೂ ಅಂಟಿಕೊಂಡಿರಲಿಲ್ಲ. ಅಂಟು ಗಟ್ಟಿ ಇದ್ದರೆ ಮರವೇ ಹರಿಯಬೇಕು, ಅಂಟಿನ ಗೆರೆಯಲ್ಲಿ ನುಣ್ಣಗೆ ಬಿಡಬಾರದು. ಎಪ್ಪತ್ತೆರಡು ಗಂಟೆಯ ಹಲಗೆ ಒಂದು ಗಂಟೆಗೆ ಸೋತರೆ ಅದಕ್ಕೆ ಲ್ಯಾಬ್ ಬೇಕಾಗಿಲ್ಲ.

ಎರಡನೇ ಪತ್ರ ಬರೆಯಲು ಮೂರು ದಿನ ತೆಗೆದುಕೊಂಡೆ. ಜಗಳ ಆಗಿದ್ದು ಒಂದೇ ಸಾಲಿಗೆ. ನೆಲ ಒರೆಸುವ ವಿಷಯ ಬರೆಯಬೇಡ, ಅವರಿಗೆ ನಾವೇ ಅಸ್ತ್ರ ಕೊಟ್ಟ ಹಾಗಾಗುತ್ತೆ ಅಂತ ಯಜಮಾನರು. ನನ್ನ ಲೆಕ್ಕ ಬೇರೆ. ಅವರು ಹೇಗೂ ನೀರು ನೀರು ಅನ್ನುತ್ತಾರೆ. ನಾವೇ ಮೊದಲು ಹೇಳಿ, ಆ ನೀರು ಹಲಗೆಗೆ ತಾಗದ ಹಾಗೆ ನೋಡಿಕೊಳ್ಳುವುದು ಯಾರ ಕೆಲಸವಾಗಿತ್ತು ಅಂತ ಅದೇ ಉಸಿರಿನಲ್ಲಿ ಕೇಳಿದರೆ ಅವರ ಹತ್ತಿರ ಹೇಳಲು ಏನೂ ಉಳಿಯುವುದಿಲ್ಲ. ಕೊನೆಗೆ ಬರೆದಿದ್ದು ಹೀಗೆ. ಬಿಲ್ ನಂಬರು, ತಾರೀಖು, ವಿಳಾಸ ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ.

'ವಿಷಯ: ವಾರ್ಡ್‌ರೋಬಿನ ಪ್ಲೈವುಡ್ ಪದರ ಬಿಟ್ಟಿರುವುದು, ಹಲಗೆ ಬದಲಾಯಿಸಿ ಕೊಡುವಂತೆ ಕೋರಿಕೆ.

ಮಾನ್ಯರೇ,

ಮೇಲಿನ ಬಿಲ್ಲಿನ ಪ್ರಕಾರ ನಿಮ್ಮಲ್ಲಿ ಕೊಂಡ ವಾರ್ಡ್‌ರೋಬಿನ ಮೂರೂ ನಿಂತ ಹಲಗೆಗಳು ಐದನೇ ತಿಂಗಳಲ್ಲಿ ಕೆಳಗಿನಿಂದ ಉಬ್ಬಿ ಪದರ ಬಿಟ್ಟಿವೆ. ಎಡ ಹಲಗೆಯ ದಪ್ಪ ಎದೆಯ ಮಟ್ಟದಲ್ಲಿ 19.4 ಎಂಎಂ, ನೆಲದ ಹತ್ತಿರ 23.1 ಎಂಎಂ. ಹತ್ತು ದಿನ ಒಣಗಿಸಿದ ಮೇಲೂ ನೆಲದ ಹತ್ತಿರ 22.8 ಎಂಎಂ ಇದೆ. ಒಂಬತ್ತು ಕಡೆಯ ಅಳತೆ ಲಗತ್ತಿಸಿದೆ.

ಗೋಡೆಯ ತೇವ ಕಾರಣ ಎಂದು ನಿಮ್ಮ ಉತ್ತರದಲ್ಲಿ ಬರೆದಿದ್ದೀರಿ. ಗೋಡೆಗೆ ಹತ್ತಿರವಿರುವ ಹಿಂದಿನ ಹಲಗೆಗೆ ಏನೂ ಆಗಿಲ್ಲ. ಉಬ್ಬು ಮುಂಭಾಗದಲ್ಲಿ ಹೆಚ್ಚು, ಗೋಡೆಯ ಕಡೆ ಕಡಿಮೆ ಇದೆ. ಫೋಟೋ 3 ಮತ್ತು 4 ನೋಡಿ.

ಎಲ್ಲರ ಮನೆಯಲ್ಲಿ ಒರೆಸುವ ಹಾಗೆ ನಾವೂ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ವಾರ್ಡ್‌ರೋಬ್ ನೆಲ ಮುಟ್ಟಬಾರದೆಂದೇ ಬಿಲ್ಲಿನಲ್ಲಿ ಆರು ಪ್ಲಾಸ್ಟಿಕ್ ಕಾಲುಗಳಿಗೆ ಹಣ ಪಡೆದಿದ್ದೀರಿ. ಒಂದನ್ನೂ ಹಾಕಿಲ್ಲ. ಲಾಫ್ಟ್‌ಗೆ ತಾಗುತ್ತದೆ ಎಂದು ನಿಮ್ಮ ಕೆಲಸಗಾರರು ಬಿಟ್ಟರು. ಬಿಟ್ಟರೆ ಏನಾಗುತ್ತದೆ ಎಂದು ನಮಗೆ ಹೇಳಲಿಲ್ಲ. ನೆಲಕ್ಕೆ ಕೂರುವ ಅಂಚುಗಳಿಗೆ ಪಟ್ಟಿಯಾಗಲಿ ಬಣ್ಣವಾಗಲಿ ಇಲ್ಲ. ಕೂರಿಸಿದ ದಿನದ ಫೋಟೋ ಮತ್ತು ತಳಭಾಗದ ವಿಡಿಯೋ ಕಳಿಸಿದ್ದೇನೆ.

ಬಿಲ್ಲಿನಲ್ಲಿ ಎಲ್ಲ ಭಾಗವೂ ಬಿಡಬ್ಲ್ಯೂಪಿ ಎಂದಿದೆ. ನಿಮ್ಮ ಕೆಲಸಗಾರರು ಕತ್ತರಿಸಿ ಬಿಟ್ಟುಹೋದ ಶೆಲ್ಫಿನ ತುಂಡು ಕುದಿಯುವ ನೀರಿನಲ್ಲಿ ಒಂದು ಗಂಟೆಯೊಳಗೆ ಪದರ ಬಿಟ್ಟಿದೆ. ಅದೇ ತುಂಡಿನ ಇನ್ನರ್ಧ ಮುಟ್ಟದೆ ಇಟ್ಟಿದ್ದೇನೆ. ಇಬ್ಬರಿಗೂ ಒಪ್ಪಿಗೆಯಾಗುವ ಲ್ಯಾಬಿಗೆ ಕಳಿಸಲು ಸಿದ್ಧಳಿದ್ದೇನೆ.

ನನ್ನ ಕೋರಿಕೆ: ಮೂರು ನಿಂತ ಹಲಗೆ, ತಳದ ಹಲಗೆ ಮತ್ತು ನಿಮ್ಮವರು ಕೀಸಿದ ಬಾಗಿಲನ್ನು ಬಿಲ್ಲಿನಲ್ಲಿರುವ ಗ್ರೇಡಿನಲ್ಲೇ ಬದಲಾಯಿಸಿ, ಎಲ್ಲ ಅಂಚುಗಳನ್ನೂ ಮುಚ್ಚಿ, ಆರು ಕಾಲು ಹಾಕಿ ಕೊಡಿ. ಆಗದಿದ್ದರೆ ವಾರ್ಡ್‌ರೋಬ್ ತೆಗೆದುಕೊಂಡು ಹೋಗಿ ಪೂರ್ತಿ ಹಣ ಹಿಂತಿರುಗಿಸಿ. ಈ ಪತ್ರ ತಲುಪಿದ 10 ದಿನದೊಳಗೆ ಬಂದು ನನ್ನ ಎದುರಿನಲ್ಲಿ ಪರಿಶೀಲಿಸಿ. ಅಲ್ಲಿಯವರೆಗೆ ವಾರ್ಡ್‌ರೋಬನ್ನು ಇದ್ದ ಹಾಗೇ ಇಡುತ್ತೇನೆ.'

ಇಷ್ಟೇ. ಒಂದು ಪುಟ. 'ಮೋಸ' ಅನ್ನುವ ಪದ ಎಲ್ಲೂ ಇಲ್ಲ. ಆ ಪದ ಬರೆದರೆ ಅವರು ಅದಕ್ಕೆ ಉತ್ತರ ಕೊಡುತ್ತಾರೆ, ಕಾಲಿಗೆ ಉತ್ತರ ಕೊಡುವುದಿಲ್ಲ. ಹಾಗೇ 'ಕೋರ್ಟಿಗೆ ಹೋಗುತ್ತೇನೆ' ಅಂತಲೂ ಬರೆಯಲಿಲ್ಲ. ಹೋಗುವುದಾದರೆ ಹೋಗಬಹುದಿತ್ತು, ಈ ಪತ್ರವೇ ಅಲ್ಲಿಗೂ ಸಾಕಾಗುತ್ತಿತ್ತು. ಫೋಟೋಗಳಲ್ಲಿ ಪ್ರತಿಯೊಂದಕ್ಕೂ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದಿದ್ದೆ, ಒಂದು ಹತ್ತಿರದಿಂದ, ಅದೇ ಜಾಗ ಇನ್ನೊಂದು ದೂರದಿಂದ. ಬರೀ ಹತ್ತಿರದ ಫೋಟೋ ಕಳಿಸಿದರೆ ಅದು ಯಾರ ಮನೆಯ ಯಾವ ಹಲಗೆಯೋ ಯಾರಿಗೆ ಗೊತ್ತು. ಬಿಲ್ಲಿನ ನಕಲು ಮಾತ್ರ ಕಳಿಸಿದೆ, ಅಸಲು ನನ್ನ ಹತ್ತಿರವೇ. ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿದೆ, ಈಮೇಲೂ ಮಾಡಿದೆ.

ಎಂಟನೇ ದಿನ ಫೋನ್ ಬಂತು. ಮೊದಲು ಬಂದ ಆಫರ್ ಒಂದು ಶೂ ರ‍್ಯಾಕ್. "ಫ್ರೀಯಾಗಿ ಕೊಡ್ತೀವಿ ಮೇಡಂ, ಇದನ್ನ ಇಲ್ಲಿಗೇ ಬಿಟ್ಬಿಡೋಣ." ಪತ್ರಕ್ಕೆ ಪತ್ರದಲ್ಲೇ ಉತ್ತರ ಕೊಡಿ ಅಂದೆ. ಎರಡು ದಿನ ಬಿಟ್ಟು ಮ್ಯಾನೇಜರ್ ಅವರೇ ಬಂದರು, ಕೈಯಲ್ಲಿ ಎರಡು ಮುಳ್ಳಿನ ಒಂದು ತೇವ ಅಳೆಯುವ ಮೀಟರ್. ನೇರ ಗೋಡೆಗೆ ಚುಚ್ಚಿದರು. ಏನೋ ನಂಬರ್ ಬಂತು. "ನೋಡಿ, ಗೋಡೇಲಿ ತೇವ ಇದೆ" ಅಂದರು. ನಾನು ಅವತ್ತು ಬಡಗಿಯನ್ನು ಕೂರಿಸಿಕೊಂಡಿದ್ದೆ, ಪುಣ್ಯಕ್ಕೆ. ಅವರು ಮೆಲ್ಲಗೆ, "ಸಾರ್, ಅದು ಮರಕ್ಕೆ ಇರೋ ಮೀಟರ್. ಗೋಡೆಗೆ ಚುಚ್ಚಿದ್ರೆ ಬರೋ ನಂಬರ್‌ಗೆ ಅರ್ಥ ಇಲ್ಲ. ಬೇಕಾದ್ರೆ ಎದುರು ಗೋಡೆಗೂ ಚುಚ್ಚಿ, ಇಲ್ಲಿಗೆ ಹೋಲಿಸಿ ನೋಡಿ" ಅಂದರು. ಎದುರು ಗೋಡೆಯಲ್ಲೂ ಅಷ್ಟೇ ಬಂತು. ಆಮೇಲೆ ಹಲಗೆಗೆ ಚುಚ್ಚಿಸಿದೆವು: ಮೇಲೆ ಶೇಕಡಾ 11, ಕೆಳಗೆ ಉಬ್ಬಿದ ಕಡೆ ಶೇಕಡಾ 14. ಒಣಗಿದೆ, ಆದರೂ ಉಬ್ಬಿಯೇ ಇದೆ. ಮೀಟರ್ ತಂದವರಿಗೇ ಮೀಟರ್ ತಿರುಗಿ ನಿಂತಿತು.

ವಿಡಿಯೋ ತೋರಿಸಿದೆ. ಖಾಲಿ ತೂತುಗಳು ಬಂದಾಗ ಅವರು ಫೋನ್ ಕೈಗೆ ತೆಗೆದುಕೊಂಡು ಹತ್ತಿರದಿಂದ ನೋಡಿದರು. ಬಾಲ್ಕನಿಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಬಾಗಿಲು ಮುಚ್ಚಿದ್ದರೂ 'ಕಾಲು' ಅನ್ನುವ ಪದ ಮೂರು ಸಲ ಕೇಳಿಸಿತು. ಗ್ರೇಡಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ಬೇಯಿಸಿದ ತುಂಡನ್ನು ಮುಟ್ಟಲೂ ಇಲ್ಲ. ಆಮೇಲೆ ಬಂದ ಪತ್ರದಲ್ಲಿ 'ಗ್ರಾಹಕರ ತೃಪ್ತಿಯ ದೃಷ್ಟಿಯಿಂದ' ಹಲಗೆಗಳನ್ನು ಬದಲಾಯಿಸಿ ಕೊಡುವುದಾಗಿ ಬರೆದಿದ್ದರು. ಇರಲಿ. ನನಗೆ ಹಲಗೆ ಬೇಕಿತ್ತು, ತಪ್ಪೊಪ್ಪಿಗೆ ಅಲ್ಲ. ಆದರೆ ಹೊಸ ಹಲಗೆಗಳ ಗ್ರೇಡನ್ನು ಆ ಪತ್ರದಲ್ಲೇ ಬರೆಸಿಕೊಂಡೆ, ಅದಕ್ಕೆ ಇನ್ನೂ ಎರಡು ಈಮೇಲ್ ಹಿಡಿಯಿತು.

ಒಂದು ವಿಷಯದಲ್ಲಿ ಸೋತೆ. ಕೆಳಗಿನ ಖಾನೆಯಲ್ಲಿದ್ದ ಬಟ್ಟೆಗಳಿಗೆ ಬೂಸ್ಟು ಹಿಡಿದಿತ್ತು, ಎರಡು ರೇಷ್ಮೆ ಸೀರೆ ಪೂರ್ತಿ ಹಾಳು. ಅದಕ್ಕೂ ಪರಿಹಾರ ಕೇಳಿದೆ. ಫೋಟೋ ಇದೆಯಾ ಅಂದರು. ಬೂಸ್ಟು ಕಂಡ ದಿನವೇ ನಾನು ಎಲ್ಲವನ್ನೂ ಒಗೆದು ಹಾಕಿದ್ದೆ. ಯಾರೇ ಆದರೂ ಹಾಗೇ ಮಾಡುತ್ತಾರೆ ಬಿಡಿ, ಬೂಸ್ಟು ಹಿಡಿದ ಬಟ್ಟೆ ಎದುರಿಗಿಟ್ಟುಕೊಂಡು ಫೋಟೋ ತೆಗೆಯಬೇಕು ಅಂತ ಯಾರಿಗೆ ಹೊಳೆಯುತ್ತದೆ.

ಹಲಗೆಗಳು ಬಂದ ದಿನ ಕೂರಿಸುವ ಮೊದಲು ಒಂದೊಂದನ್ನೂ ಗೋಡೆಗೆ ಒರಗಿಸಿ ತಳಗಂಚು ನೋಡಿದೆ. ಎರಡಕ್ಕೆ ಪಟ್ಟಿ ಇತ್ತು, ಒಂದಕ್ಕೆ ಇರಲಿಲ್ಲ. "ಅದು ನೆಲಕ್ಕೆ ಹೋಗತ್ತೆ ಮೇಡಂ, ಕಾಣಲ್ಲ" ಅಂದ ಹುಡುಗ. ಅವನಿಗೆ ಪಾಪ ಈ ಕಥೆ ಏನೂ ಗೊತ್ತಿಲ್ಲ. ಅಲ್ಲೇ ಕೂರಿಸಿಕೊಂಡು ಪಟ್ಟಿ ಹಾಕಿಸಿದೆ. ಲಾಫ್ಟ್‌ಗೆ ತಾಗದ ಹಾಗೆ ಈ ಸಲ ನಿಂತ ಹಲಗೆಗಳನ್ನೇ ಕಾಲಿನ ಎತ್ತರದಷ್ಟು ಗಿಡ್ಡ ಮಾಡಿ ತಂದಿದ್ದರು. ಮೊದಲೇ ಅಳತೆ ತೆಗೆದುಕೊಂಡು ಹೋದವರು ಹಾಗೆ ಮಾಡಬಹುದಿತ್ತು.

ಈಗ ವಾರ್ಡ್‌ರೋಬಿನ ಕೆಳಗೆ ಕೈ ತೂರುತ್ತದೆ. ಧೂಳು ಜಾಸ್ತಿ ಸೇರುತ್ತೆ, ಮೊನ್ನೆ ಒಂದು ಕಾಲುಚೀಲವೂ ಸಿಕ್ಕಿತು. ವರ್ನಿಯರ್ ವಾಪಸ್ ಕೊಡುವ ಮುಂಚೆ ಹೊಸ ಹಲಗೆಗಳನ್ನೂ ಅದೇ ಒಂಬತ್ತು ಜಾಗದಲ್ಲಿ ಅಳೆದು, ತಾರೀಖು ಹಾಕಿ, ಬಾಗಿಲಿನ ಒಳಗಡೆ ಚೀಟಿ ಅಂಟಿಸಿದ್ದೇನೆ.